ಮುಂದಿನ ಊಟ ನಿಂದೇ ತಾನೇ?

ಚಿತ್ರದಲ್ಲಿ ವಯಸ್ಸಾದ ಒಬ್ಬ ಮನುಷ್ಯನಿದ್ದಾನೆ. ಬಿಳಿ ಕೂದಲು, ಒಪ್ಪವಾಗಿ ಕತ್ತರಿಸಿದ ಬಿಳಿ ಗಡ್ಡ, ಎದುರಿಗೆ ಲ್ಯಾಪ್‌ಟಾಪ್, ಕೈಯಲ್ಲೊಂದು ಕಾಫಿ ಮಗ್. ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದಾನೆ. ಚಿತ್ರದ ಮೇಲೆ ಎರಡೇ ಸಾಲು. ಮೊದಲನೆಯದು, ‘ಸಂಬಂಧಿಕರು: ಮುಂದಿನ ಹೋಳಿಗೆ ಊಟ ನಿಂದೇ ತಾನೇ?’ ಎರಡನೆಯದು ಬರೀ ‘ನಾನು:’. ಅದರ ಮುಂದೆ ಮಾತಿಲ್ಲ, ಆ ಮುಖವಿದೆ ಅಷ್ಟೆ. ಮದುವೆ ಯಾವಾಗ ಎಂದು ಕೇಳುವ ನೆಂಟರ ಮೇಲೆ ಕನ್ನಡದಲ್ಲಿ ಹುಟ್ಟಿರುವ ಮೀಮ್‌ಗಳಿಗೆ ಲೆಕ್ಕವಿಲ್ಲ. ಹಬ್ಬ ಬಂದರೆ, ಲಗ್ನದ ಕಾಲ ಬಂದರೆ ಫೋನಿನ ತುಂಬ ಅವೇ. ಅವುಗಳಲ್ಲಿ ನನಗೆ ಮತ್ತೆ ಮತ್ತೆ ನೋಡಬೇಕೆನಿಸುವುದು ಈ ಮುದುಕನ ಮುಖ ಇಟ್ಟು ಮಾಡಿದವು.

ಅಂತರ್ಜಾಲ ಇವನಿಗೆ ಹರಾಲ್ಡ್ ಎಂದು ಹೆಸರಿಟ್ಟಿದೆ, ನೋವನ್ನು ಒಳಗಿಟ್ಟುಕೊಂಡ ಹರಾಲ್ಡ್. ನಿಜವಾದ ಹೆಸರು ಆಂದ್ರಾಶ್ ಅರಾತೊ. ಹಂಗರಿ ದೇಶದ ಎಲೆಕ್ಟ್ರಿಕಲ್ ಎಂಜಿನಿಯರ್. ಪ್ರವಾಸದಲ್ಲಿ ತೆಗೆಸಿಕೊಂಡ ಫೋಟೋಗಳನ್ನು ಆತ ಜಾಲಕ್ಕೆ ಹಾಕಿದ್ದನ್ನು ನೋಡಿ ಒಬ್ಬ ಫೋಟೋಗ್ರಾಫರ್ ಕರೆದು, ಜಾಹೀರಾತಿಗೆ ಮಾರುವ ಚಿತ್ರಗಳಿಗೆ ರೂಪದರ್ಶಿ ಮಾಡಿದ. ವೈದ್ಯ, ಅಜ್ಜ, ಕಚೇರಿಯ ಹಿರಿಯ, ಹೀಗೆ ಬೇಕಾದ ವೇಷಕ್ಕೆಲ್ಲ ಒದಗುವ ಮುಖ. ಆಮೇಲೊಂದು ದಿನ ಆತ ತನ್ನ ಚಿತ್ರವನ್ನು ಜಾಲದಲ್ಲಿ ಹುಡುಕಿ ನೋಡಿದರೆ, ಲೋಕವೆಲ್ಲ ಅದಕ್ಕೆ ತನ್ನ ತನ್ನ ಸಂಕಟ ಅಂಟಿಸಿಕೊಂಡಿತ್ತು. ಮೊದಲು ಅವನಿಗೂ ಕಸಿವಿಸಿಯಾಯಿತು. ಇದು ಹೇಗಾದರೂ ನಿಲ್ಲಲಿ ಎಂದುಕೊಂಡ, ನಿಲ್ಲಲಿಲ್ಲ. ಕೊನೆಗೆ ಒಪ್ಪಿಕೊಂಡ. ಬುಡಾಪೆಸ್ಟಿನ ಆ ಮುಖ ಮಂಡ್ಯದ, ಧಾರವಾಡದ, ಪುತ್ತೂರಿನ ಹುಡುಗರ ಮುಖವಾದದ್ದು ಹೀಗೆ.

ಈ ಮುಖದಲ್ಲಿ ಏನಿದೆ ಎಂದು ನಿಧಾನವಾಗಿ ನೋಡಬೇಕು. ತುಟಿಯ ಎರಡು ತುದಿ ಮೇಲೆ ಹೋಗಿವೆ, ಹಲ್ಲೂ ಕಾಣುತ್ತದೆ. ಅಂಗೈಯಿಂದ ಬಾಯಿಯ ಭಾಗ ಮುಚ್ಚಿ ಬರೀ ಕಣ್ಣು ನೋಡಿ: ನಗು ಅಲ್ಲಿಗೆ ತಲುಪಿಲ್ಲ. 1862ರಲ್ಲಿ ಫ್ರಾನ್ಸಿನ ವೈದ್ಯ ಡುಶೆನ್ ಮುಖದ ಸ್ನಾಯುಗಳಿಗೆ ಸಣ್ಣಗೆ ವಿದ್ಯುತ್ ಹಾಯಿಸಿ ಮಾಡಿದ ಪ್ರಯೋಗಗಳ ಪುಸ್ತಕ ಪ್ರಕಟಿಸಿದ. ಕೆನ್ನೆಯ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ, ಕಣ್ಣಿನ ಸುತ್ತಲಿನದು ಮಾತ್ರ ನಿಜವಾದ ಸಂತೋಷಕ್ಕೇ ಸ್ಪಂದಿಸುತ್ತದೆ ಎಂಬುದು ಅವನ ವಾದ. ಮುಖಸಾಮುದ್ರಿಕ ಗೊತ್ತಿಲ್ಲದ ನಾವೂ ಯಾರಾದರೂ ಒತ್ತಾಯಕ್ಕೆ ನಕ್ಕರೆ ಎಷ್ಟೋ ಸಲ ಹಿಡಿದುಬಿಡುತ್ತೇವೆ. ಭರತನ ನಾಟ್ಯಶಾಸ್ತ್ರ ನಗುವಿನಲ್ಲಿ ಆರು ಬಗೆ ಹೇಳುತ್ತದೆ, ಮೊದಲನೆಯದು ಸ್ಮಿತ. ಕೆನ್ನೆ ಸ್ವಲ್ಪವೇ ಅರಳಬೇಕು, ಹಲ್ಲು ಕಾಣಬಾರದು, ಕಡೆಗಣ್ಣಿನ ನೋಟ ಚೆಲುವಾಗಿರಬೇಕು. ಉತ್ತಮರ ನಗು ಅದು. ಸ್ಮಿತದಲ್ಲಿ ಕಣ್ಣಿಗೂ ಕೆಲಸವಿದೆ ಎಂಬುದು ಗಮನಿಸಬೇಕಾದ ಮಾತು. ಹಲ್ಲು ಕಂಡರೂ ಹರಾಲ್ಡನದು ಸ್ಮಿತದ ವೇಷ ತೊಡಲು ಹೊರಟ ನಗು. ಮದುವೆಮನೆಯಲ್ಲಿ ನಿಂತು ಸೋದರತ್ತೆಗೆ, ಚಿಕ್ಕಪ್ಪನಿಗೆ, ಅಪ್ಪನ ಹಳೆಯ ಸಹೋದ್ಯೋಗಿಗೆ ಹಲ್ಲು ತೋರಿಸಬೇಕಾದವರು ಹಾಕಿಕೊಳ್ಳುವುದು ಈ ವೇಷವನ್ನೇ.

ಇದೇ ಪ್ರಶ್ನೆಗೆ ಸಾಧು ಕೋಕಿಲ ಅವರ ಮುಖ, ದೊಡ್ಡಣ್ಣ ಅವರ ಗಾಬರಿ, ತೆಲುಗಿನ ಬ್ರಹ್ಮಾನಂದಂ ಅವರ ಕಣ್ಣರಳಿಸಿದ ನೋಟ ಹಾಕಿ ಮಾಡಿದ ಮೀಮ್‌ಗಳೂ ಬೇಕಾದಷ್ಟಿವೆ. ಅವನ್ನು ಕಂಡ ಕೂಡಲೇ ನಗು ಬರುತ್ತದೆ. ಆ ನಟರ ಕಸುಬೇ ಅದು, ಮುಖದ ಒಂದೊಂದು ಎಳೆಯನ್ನೂ ಹತ್ತುಪಟ್ಟು ದೊಡ್ಡದು ಮಾಡಿ ತೋರಿಸುವುದು. ಆದರೆ ನಿಜ ಜೀವನದಲ್ಲಿ ದೊಡ್ಡಮ್ಮ ಕೇಳಿದಾಗ ಯಾರೂ ಹಾಗೆ ಕಣ್ಣರಳಿಸುವುದಿಲ್ಲ. ಕಣ್ಣರಳಿಸುವ ಸ್ವಾತಂತ್ರ್ಯ ಇದ್ದಿದ್ದರೆ ಅಷ್ಟು ಸಂಕಟವೂ ಇರುತ್ತಿರಲಿಲ್ಲ. ಒಳಗೆ ಆಗುವುದನ್ನು ಆ ನಟರು ಹೊರಗೆ ಹಾಕುತ್ತಾರೆ. ಹೊರಗೆ ಹಾಕಲಾಗದೆ ಉಳಿಯುವುದನ್ನು ಹರಾಲ್ಡ್ ತೋರಿಸುತ್ತಾನೆ. ಮೊದಲನೆಯದು ನಕ್ಕು ಮುಂದೆ ತಳ್ಳುವ ಮೀಮ್. ಎರಡನೆಯದನ್ನು ಗೆಳತಿಗೆ ಕಳಿಸಿ, ಅವಳಿಂದ ಉತ್ತರ ಬರುವವರೆಗೆ ಕಾಯುತ್ತೇವೆ.

ಈ ಪ್ರಶ್ನೆ ಕೇಳುವ ಜಾಗವನ್ನೂ ನೋಡಬೇಕು. ಚೌಟ್ರಿಯ ಊಟದ ಮನೆ. ಎಲೆಗೆ ಉಪ್ಪು, ಕೋಸಂಬರಿ, ಎರಡು ಬಗೆಯ ಪಲ್ಯ ಬಿದ್ದಿವೆ, ಅನ್ನ ಇನ್ನೂ ಬಂದಿಲ್ಲ. ಈ ಹೊತ್ತಿನಲ್ಲಿ ತಿನ್ನಲು ಹೆಚ್ಚೇನಿಲ್ಲ, ಮಾತಾಡಬೇಕು. ಎಡಕ್ಕೊಬ್ಬರು, ಬಲಕ್ಕೊಬ್ಬರು, ಎದುರು ಸಾಲಿನಲ್ಲಿ ಮುಖಕ್ಕೆ ಮುಖ ಕೊಟ್ಟು ಇನ್ನೊಬ್ಬರು. ಬೆನ್ನ ಹಿಂದೆ ಮುಂದಿನ ಪಂಕ್ತಿಯವರು ಆಗಲೇ ಕುರ್ಚಿ ಹಿಡಿದು ನಿಂತಿದ್ದಾರೆ. ಪಂಕ್ತಿಯಲ್ಲಿ ಕೂತವರು ಅರ್ಧಕ್ಕೆ ಏಳುವಂತಿಲ್ಲ, ಅದು ಬಡಿಸಿದವರಿಗೂ ಪಕ್ಕದವರಿಗೂ ಮಾಡಿದ ಅವಮಾನ. ಅಂಥ ಕಡೆ ಪಕ್ಕದ ಎಲೆಯಿಂದ ಬರುತ್ತದೆ, ‘ಏನಪ್ಪಾ, ನಮಗೆ ಊಟ ಯಾವಾಗ ಹಾಕಿಸ್ತೀಯಾ?’ ಧಾರವಾಡದ ಕಡೆಯಾದರೆ, ‘ಅಕ್ಕಿಕಾಳು ಯಾವಾಗ ಹಾಕಸ್ತೀಪಾ?’ ಯಾರೂ ನೇರವಾಗಿ ಮದುವೆ ಎನ್ನುವುದಿಲ್ಲ. ಊಟ ಎನ್ನುತ್ತಾರೆ, ಹೋಳಿಗೆ ಎನ್ನುತ್ತಾರೆ, ಸಿಹಿಸುದ್ದಿ ಎನ್ನುತ್ತಾರೆ, ಅಕ್ಷತೆ ಎನ್ನುತ್ತಾರೆ. ಕೇಳಿದ್ದು ಊಟವನ್ನಾದ್ದರಿಂದ ಸಿಟ್ಟಾಗುವಂತಿಲ್ಲ. ಇದರಲ್ಲಿ ಮೃದುತ್ವವೂ ಇದೆ, ತಪ್ಪಿಸಿಕೊಳ್ಳಲಾಗದ ಹಿಡಿತವೂ ಇದೆ. ಮೀಮ್ ಮಾಡುವವರು ಇದನ್ನು ಚೆನ್ನಾಗಿ ಬಲ್ಲರು. ಅದಕ್ಕೇ ಒಳ್ಳೆಯ ಮೀಮ್‌ನಲ್ಲಿ ನೆಂಟರ ಸಾಲು ಸದಾ ಸಿಹಿಯಾಗಿಯೇ ಇರುತ್ತದೆ. ಅಲ್ಲಿ ಕ್ರೂರವಾದ ಮಾತು ಬರೆದಿದ್ದರೆ ಆ ಮೀಮ್ ಕೆಟ್ಟಿತು ಎಂದೇ ಲೆಕ್ಕ.

‘ನಾನು:’ ಎಂಬುದರ ಮುಂದಿನ ಖಾಲಿಗೆ ಅರ್ಥ ಬರುವುದು ಇಲ್ಲಿಂದ. ಪ್ರಶ್ನೆ ಮಾತಿನಲ್ಲಿದೆ, ಉತ್ತರ ಮುಖದಲ್ಲಿದೆ. ಕೇಳುವವರಿಗೆ ಪದಗಳಿವೆ, ಕೇಳಿಸಿಕೊಳ್ಳುವವರಿಗೆ ಇಲ್ಲ. ಇರುವ ಉತ್ತರಗಳೆಲ್ಲ ಮೊದಲೇ ಸವೆದುಹೋದವು: ‘ನೋಡೋಣ ಅತ್ತೆ’, ‘ಎಲ್ಲ ಕೂಡಿ ಬರಬೇಕಲ್ಲ’, ‘ಗುರುಬಲ ಬಂದಿಲ್ಲವಂತೆ’. ಕೊನೆಯದು ನಿಜವಾಗಿ ಒಂದು ಆಸರೆ. ಹೊಣೆ ಹುಡುಗನ ಮೇಲೂ ಇಲ್ಲ, ಅಪ್ಪ ಅಮ್ಮನ ಮೇಲೂ ಇಲ್ಲ, ಆಕಾಶದ ಗುರುವಿನ ಮೇಲೆ. ಜಾತಕ ನಂಬದ ಹುಡುಗಿಯರೂ ಈ ಉತ್ತರ ಹೇಳಿ ಒಂದು ವರ್ಷ ದಾಟಿಸುವುದುಂಟು.

ಮೀಮ್‌ಗಳಿಗೂ ಪಂಚಾಂಗವಿದೆ. ಕಾರ್ತಿಕದ ಉತ್ಥಾನ ದ್ವಾದಶಿಯಂದು ಬೃಂದಾವನದ ಮುಂದೆ ನೆಲ್ಲಿಕೊಂಬೆ ನೆಟ್ಟು ತುಳಸಿಗೆ ಮದುವೆ ಮಾಡಿದ ಮೇಲೆ ಮನುಷ್ಯರ ಲಗ್ನಗಳೂ ಶುರುವಾಗುತ್ತವೆ, ಮೀಮ್‌ಗಳೂ ಏರುತ್ತವೆ. ತುಳಸಿಗೂ ಆಯಿತು, ನಿನಗೆ ಯಾವಾಗ ಎಂಬ ಮಾತು ಆ ದಿನಕ್ಕೇ ಮೀಸಲು. ಡಿಸೆಂಬರ್ ನಡುವೆ ಧನುರ್ಮಾಸ ಬಂದು ಒಂದು ತಿಂಗಳು ಉಸಿರಾಡಲು ಬಿಡುತ್ತದೆ. ಸಂಕ್ರಾಂತಿ ಕಳೆದರೆ ಮತ್ತೆ ಶುರು. ಬೇಸಿಗೆಯೆಲ್ಲ ಕಾರ್ಡಿನ ಮೇಲೆ ಕಾರ್ಡು. ಆಮೇಲೆ ಆಷಾಢ. ಹೊಸದಾಗಿ ಮದುವೆಯಾದ ಹೆಣ್ಣು ತವರಿಗೆ ಹೋಗುವ, ಗಂಡ ಹೆಂಡಿರನ್ನು ಅಗಲಿಸುವ ತಿಂಗಳು ಎಂದು ನಮ್ಮ ಜನಪದ ಅದರ ಬಗ್ಗೆ ಮರುಗಿದೆ. ಮದುವೆಯಾಗದವರಿಗೆ ಮಾತ್ರ ಅದು ವರ್ಷದ ಅತ್ಯಂತ ನೆಮ್ಮದಿಯ ತಿಂಗಳು. ವಿರಹದ ತಿಂಗಳನ್ನು ಹೀಗೆ ಬಿಡುವಿನ ತಿಂಗಳಾಗಿ ಆಚರಿಸುವ ಆಷಾಢದ ಮೀಮ್‌ಗಳು ನನಗೆ ತುಂಬ ಇಷ್ಟ. ಬೇರೆ ಭಾಷೆಯಿಂದ ಎರವಲು ತಂದ ಅಚ್ಚಿನಲ್ಲಿ ಹುಟ್ಟುವ ನಗುವಲ್ಲ ಅದು. ನಮ್ಮ ಮಳೆ, ನಮ್ಮ ತಿಥಿ, ನಮ್ಮ ಚೌಟ್ರಿಗೆ ಬಿದ್ದ ಬೀಗ ಅದರಲ್ಲಿವೆ.

ಈಗ ರಸದ ಮಾತಿಗೆ ಬರುತ್ತೇನೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ ಸಾಹಿತ್ಯದರ್ಪಣದಲ್ಲಿ ಯಾವ ರಸಕ್ಕೆ ಯಾವುದು ಶತ್ರು ಎಂದು ಪಟ್ಟಿ ಮಾಡುತ್ತಾನೆ. ಹಾಸ್ಯಕ್ಕೆ ಇಬ್ಬರು ಶತ್ರುಗಳು: ಭಯಾನಕ ಮತ್ತು ಕರುಣ. ಯೋಚಿಸಿದರೆ ಸಹಜವೇ. ಹೆದರಿದವನಿಗೆ ನಗು ಬಾರದು, ನಕ್ಕವನ ಹೆದರಿಕೆ ಹಾರಿಹೋಗುತ್ತದೆ. ಅವನಿಗಿಂತ ಐದು ಶತಮಾನ ಹಿಂದೆ ಕಾಶ್ಮೀರದ ಆನಂದವರ್ಧನ ಇಂಥ ವಿರೋಧಕ್ಕೆ ಪರಿಹಾರವನ್ನೂ ಹೇಳಿದ್ದ. ಎರಡು ಶತ್ರುರಸಗಳು ಒಂದೇ ಕಡೆ ಬರಬೇಕಾದರೆ ಅವುಗಳ ಆಶ್ರಯ ಬೇರೆ ಮಾಡಿ, ಅಂದರೆ ಒಬ್ಬನಲ್ಲಿ ವೀರ, ಅವನ ಎದುರಾಳಿಯಲ್ಲಿ ಭಯ. ಆಗ ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಸಿನಿಮಾದ ಹಾಸ್ಯವೆಲ್ಲ ನಡೆಯುವುದು ಈ ಸೂತ್ರದ ಮೇಲೆಯೇ: ತೆರೆಯ ಮೇಲಿನವನಿಗೆ ಭಯ, ಕುರ್ಚಿಯಲ್ಲಿ ಕೂತ ನಮಗೆ ನಗು.

ಮದುವೆಯ ಮೀಮ್‌ನಲ್ಲಿ ಈ ಪರಿಹಾರ ನಡೆಯುವುದಿಲ್ಲ. ಚಿತ್ರದಲ್ಲಿ ಹೆದರಿದವನೂ ನಾನೇ, ನೋಡಿ ನಗುವವನೂ ನಾನೇ. ‘ನಾನು:’ ಎಂದು ಬರೆದೇ ಇದೆಯಲ್ಲ. ಆಶ್ರಯ ಒಂದೇ. ಶಾಸ್ತ್ರದ ಪ್ರಕಾರ ಇಲ್ಲಿ ರಸಭಂಗವಾಗಬೇಕಿತ್ತು. ಆಗುವುದಿಲ್ಲ, ಯಾಕೆಂದರೆ ಚಿತ್ರ ಬೇರೆಯವರದು. ಹಂಗರಿಯ ಒಬ್ಬ ಮುದುಕನ ಮುಖವನ್ನು ಬಾಡಿಗೆಗೆ ಪಡೆದು ನನ್ನ ಭಯವನ್ನು ಅಲ್ಲಿಟ್ಟಿದ್ದೇನೆ. ಅದನ್ನು ಎದುರಿಗಿಟ್ಟು ನೋಡುವಷ್ಟು ದೂರ ಸಿಕ್ಕಿದೆ. ಆದರೆ ಪೂರ್ತಿ ಬಿಟ್ಟುಹೋಗುವಷ್ಟು ದೂರವಲ್ಲ. ಈ ಅರೆದೂರದಲ್ಲೇ ಮೀಮ್‌ನ ಸವಿ ಇದೆ. ಅದೇ ಸಾಲಿನ ಕೆಳಗೆ ಯಾರಾದರೂ ತಮ್ಮದೇ ಫೋಟೋ ಹಾಕಿ ನೋಡಲಿ, ನಗು ಅರ್ಧಕ್ಕೇ ನಿಲ್ಲುತ್ತದೆ, ‘ಯಾಕೋ, ಏನಾಯ್ತು?’ ಎಂದು ಫೋನ್ ಬರುತ್ತದೆ.

ಇದೇ ವಿಷಯದ ಮೇಲೆ ಮೀಮ್‌ಗಿಂತ ಹಳೆಯದಾದ ಒಂದು ನಗೆಹನಿ ಇದೆ. ಯಾವ ದೇಶದ್ದೋ, ಎಲ್ಲ ಭಾಷೆಗಳಲ್ಲೂ ಓಡಾಡಿದೆ. ಕನ್ನಡಕ್ಕೆ ಬಂದ ಮೇಲೆ ಬೇರೆಯೇ ಕಸುವು ಪಡೆದಿದೆ. ಪ್ರತಿ ಮದುವೆಯಲ್ಲೂ ಅಜ್ಜಿಯರು ಒಬ್ಬ ಹುಡುಗನ ಪಕ್ಕೆಗೆ ತಿವಿದು ‘ಮುಂದಿನ ಸರದಿ ನಿಂದೇ’ ಅನ್ನುತ್ತಿದ್ದರಂತೆ. ಅವನು ತಿಥಿ ಊಟದಲ್ಲಿ ಅದೇ ಅಜ್ಜಿಯರಿಗೆ ‘ಮುಂದಿನ ಸರದಿ ನಿಮ್ಮದೇ’ ಅನ್ನಲು ಶುರುಮಾಡಿದ ಮೇಲೆ ಅವರು ಕೇಳುವುದನ್ನು ನಿಲ್ಲಿಸಿದರಂತೆ. ಇದನ್ನು ಓದಿ ಎಲ್ಲರೂ ಜೋರಾಗಿ ನಗುತ್ತಾರೆ. ಭರತ ಅಪಹಸಿತ ಎನ್ನುವ ನಗು ಇದಕ್ಕೆ ಸರಿ: ನಗಬಾರದ ಕಡೆ ನಗುವುದು, ಹೆಗಲು ತಲೆ ಅಲುಗಾಡುವುದು, ಕಣ್ಣಲ್ಲಿ ನೀರು ಬರುವುದು.

ನಗು ಇಳಿದ ಮೇಲೆ ಈ ಹನಿಯ ಜೊತೆ ಇನ್ನೊಂದು ಗಳಿಗೆ ಕೂತರೆ ಬೇರೊಂದು ಕಾಣುತ್ತದೆ. ಮದುವೆಯ ಸರದಿಯನ್ನೂ ಸಾವಿನ ಸರದಿಯನ್ನೂ ಒಂದೇ ಮಾತಿನಲ್ಲಿ ಕಟ್ಟಿದ್ದು ಆ ಹುಡುಗನ ಚಾಲಾಕಿ ಎಂದುಕೊಳ್ಳುತ್ತೇವೆ. ನಿಜವಾಗಿ ಅದನ್ನು ಮೊದಲು ಕಟ್ಟಿದವರು ಅಜ್ಜಿಯರೇ. ‘ನಾನು ಕಣ್ಣು ಮುಚ್ಚೋದರೊಳಗೆ ನಿನ್ನ ತಲೆ ಮೇಲೆ ನಾಲ್ಕು ಅಕ್ಕಿಕಾಳು ಹಾಕಿಬಿಡ್ತೀನಿ ಕಣೋ’ ಎಂಬ ಮಾತು ಕೇಳದ ಮೊಮ್ಮಗ ನಮ್ಮಲ್ಲಿ ಯಾರಿದ್ದಾನೆ? ಅಜ್ಜಿಗೆ ತನ್ನ ದಿನಗಳು ಎಷ್ಟು ಉಳಿದಿವೆ ಎಂಬ ಅಳುಕಿದೆ. ಅದನ್ನು ನೇರ ಹೇಳಿದರೆ ಮನೆಯವರೆಲ್ಲ ‘ಏನಮ್ಮಾ ಅಪಶಕುನ’ ಎಂದು ಬಾಯಿ ಮುಚ್ಚಿಸುತ್ತಾರೆ. ಹಾಗಾಗಿ ಅವಳು ಮೊಮ್ಮಗನ ಮದುವೆಯ ಮೂಲಕ ತನ್ನ ಕಾಲವನ್ನು ಅಳೆಯುತ್ತಾಳೆ. ಹುಡುಗನ ಕಿವಿಗೆ ಪ್ರಶ್ನೆಯಾಗಿ ಬೀಳುವುದು ಅವಳ ಬಾಯಲ್ಲಿ ಭಯ. ಒಂದು ಭಯ ಇನ್ನೊಂದಕ್ಕೆ ದಾಟುತ್ತದೆ, ನಡುವೆ ಹೋಳಿಗೆಯ ಹೆಸರು.

ಮೀಮ್‌ಗಳು ಈ ಕೇಳುವವರ ಅಳುಕನ್ನು ತೋರಿಸುವುದು ಅಪರೂಪ. ಅಮ್ಮನನ್ನಂತೂ ಇನ್ನೂ ಅಪರೂಪ. ಊಟದ ಪಂಕ್ತಿಯಲ್ಲಿ ಮಗನನ್ನು ಒಂದು ಸಲ ಕೇಳುತ್ತಾರೆ. ಅಮ್ಮನನ್ನು ಅರಿಶಿನ ಕುಂಕುಮ ಕೊಡುವಲ್ಲಿ, ಕೈ ತೊಳೆಯುವಲ್ಲಿ, ತಾಂಬೂಲದ ಚೀಲ ಕೊಡುವಲ್ಲಿ, ಆಟೋ ಹತ್ತುವವರೆಗೂ ಕೇಳುತ್ತಾರೆ. ‘ಇನ್ನೂ ನೋಡ್ತಾ ಇಲ್ವಾ? ಅಥವಾ ಅವನೇ ಏನಾದ್ರೂ…?’ ಎಂದು ನಿಲ್ಲಿಸುವ ಪ್ರಶ್ನೆ ಅವಳಿಗೆ. ಮಗನ ಬಳಿ ‘ನಾನು:’ ಎಂಬ ಮೀಮ್ ಇದೆ, ಹಂಚಿಕೊಳ್ಳಲು ಗೆಳೆಯರಿದ್ದಾರೆ. ಅಮ್ಮನಿಗೆ ಅದೂ ಇಲ್ಲ. ಮನೆಗೆ ಬಂದು ರೇಷ್ಮೆ ಸೀರೆ ಮಡಿಸುತ್ತಾ ಅವಳು ಸುಮ್ಮನಿರುವುದರಲ್ಲಿ ಸಂಜೆಯಿಡೀ ಕೊಟ್ಟ ಉತ್ತರಗಳ ದಣಿವಿದೆ.

ಇಷ್ಟೂ ಪೇಟೆಯ, ಚೌಟ್ರಿಯ ಕಥೆ. ಇದೇ ಪ್ರಶ್ನೆ ಮಂಡ್ಯದ ಹಳ್ಳಿಯಲ್ಲಿ ಕೇಳಿದರೆ ನಗುವಿನ ತಳದಲ್ಲಿರುವುದು ಬೇರೆಯೇ. ಅಲ್ಲಿ ಮದುವೆ ಮುಗಿದ ಮೇಲೆ ಬೀಗರೂಟ. ಶಾಮಿಯಾನದ ಕೆಳಗೆ ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಬಡಿಸುವ ಬಕೆಟ್ ಹಿಡಿದು ಓಡಾಡುವವರಲ್ಲಿ ಅರ್ಧಕ್ಕರ್ಧ ಮದುವೆಯಾಗದ ಗಂಡಸರು. ಮೂವತ್ತು ದಾಟಿದವರು, ಮೂವತ್ತೈದು ದಾಟಿದವರು. ಕೂತವರು ಮೂಳೆ ಚೀಪುತ್ತಾ ಕೇಳುತ್ತಾರೆ, ‘ಏನ್ಲಾ, ನಿನ್ನ ಬೀಗರೂಟ ಯಾವಾಗ್ಲಾ?’ ಅವನು ಇನ್ನೊಂದು ಸೌಟು ಸಾರು ಹಾಕಿ ಮುಂದಿನ ಎಲೆಗೆ ಹೋಗುತ್ತಾನೆ.

ಅವನಿಗೆ ಎರಡೆಕರೆ ನಾಲೆ ನೀರಿನ ಗದ್ದೆ ಇದೆ ಎಂದುಕೊಳ್ಳಿ. ಕಬ್ಬು ಹಾಕಿದರೆ ಕಟಾವಿಗೆ ಒಂದು ವರ್ಷ. ಕಾರ್ಖಾನೆಯಿಂದ ಹಣ ಬರುವುದು ಇನ್ನೂ ತಡ. ಹೆಣ್ಣಿನ ಕಡೆಯವರ ಮೊದಲ ಪ್ರಶ್ನೆ, ‘ಹುಡುಗ ಬೆಂಗಳೂರಲ್ಲವ್ನಾ?’ ಇಲ್ಲ ಎಂದರೆ ಎರಡನೆಯ ಪ್ರಶ್ನೆ ಬರುವುದಿಲ್ಲ. ಆ ಹುಡುಗಿಯರನ್ನು ದೂರುವುದು ನನ್ನಿಂದ ಆಗದು. ತಾಯಂದಿರು ಹಸುವಿನ ಕೊಟ್ಟಿಗೆಯಿಂದ ಗದ್ದೆಗೆ, ಗದ್ದೆಯಿಂದ ಒಲೆಗೆ ಓಡಾಡಿ ಸೊಂಟ ಬಗ್ಗಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಡಿಗ್ರಿ ಓದಿದ್ದೇ ಅದರಿಂದ ಆಚೆ ಬರಲು. ಇದಲ್ಲದೆ ಇನ್ನೊಂದು ಕಾರಣವನ್ನು ಯಾರೂ ಊಟದ ಹೊತ್ತಿನಲ್ಲಿ ಎತ್ತುವುದಿಲ್ಲ. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಪತ್ತೆ ಮಾಡುವುದನ್ನು 1994ರ ಕಾಯ್ದೆ ನಿಷೇಧಿಸಿದ ಮೇಲೂ ಅದು ನಿಲ್ಲಲಿಲ್ಲ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಜಾಲವೊಂದು ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ. ಬೀಗರೂಟದಲ್ಲಿ ಬಕೆಟ್ ಹಿಡಿದವನ ಜೊತೆ ಬೆಳೆಯಬೇಕಿದ್ದ ಹುಡುಗಿಯರಲ್ಲಿ ಕೆಲವರು ಹುಟ್ಟಲೇ ಇಲ್ಲ.

2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧೂವರರ ಸಮಾವೇಶ ನಡೆಯಿತು. ಹುಡುಗಿಯರು ಸುಮಾರು 250, ಗಂಡುಗಳು 10 ಸಾವಿರಕ್ಕೂ ಹೆಚ್ಚು ಎಂದು ಪತ್ರಿಕೆಗಳು ಬರೆದವು. ಆ ಜನಜಂಗುಳಿಯ ವಿಡಿಯೊ ಫೋನಿಂದ ಫೋನಿಗೆ ಹರಿದಾಡಿತು, ಅದರ ಮೇಲೆ ನೂರು ಬಗೆಯ ತಮಾಷೆ ಬರೆದರು. ಮರುವರ್ಷ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರ ಗುಂಪೊಂದು ಮಲೆ ಮಹದೇಶ್ವರ ಬೆಟ್ಟಕ್ಕೆ, ಸುಮಾರು ನೂರು ಕಿಲೋಮೀಟರ್ ದಾರಿ, ಪಾದಯಾತ್ರೆ ಹೊರಟಿತು. ಹರಕೆ ಒಂದೇ, ಹೆಣ್ಣು ಸಿಗಲಿ. ಇದೂ ಮೀಮ್ ಆಯಿತು. ಅದೇ ವರ್ಷದ ವಿಧಾನಸಭಾ ಚುನಾವಣೆಯ ಹೊತ್ತಿಗೆ ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ 2 ಲಕ್ಷ ರೂಪಾಯಿ ಕೊಡುವುದಾಗಿ ಜೆಡಿಎಸ್ ನಾಯಕ ಎಚ್.ಡಿ. ಕುಮಾರಸ್ವಾಮಿ ಭರವಸೆ ಕೊಟ್ಟರು. ಪ್ರಶ್ನೆ ಪಂಕ್ತಿಯಿಂದ ಹೊರಟು ಚುನಾವಣೆಯ ಭಾಷಣಕ್ಕೆ ಬಂದು ಕೂತಿತ್ತು.

ಆ ಪಾದಯಾತ್ರೆಯ ಮೇಲಿನ ಮೀಮ್‌ಗಳನ್ನು ಮೆಚ್ಚಲು ನನಗೆ ಮನಸ್ಸು ಬರುವುದಿಲ್ಲ. ಕಾರಣ ನೈತಿಕವಾದದ್ದಷ್ಟೇ ಅಲ್ಲ, ರಸದ್ದೂ ಹೌದು. ಅವನ್ನು ಮಾಡಿದವರು ಹೊರಗೆ ನಿಂತವರು. ಅಲ್ಲಿ ‘ನಾನು:’ ಇಲ್ಲ, ‘ಅವರು’ ಇದ್ದಾರೆ. ಭಯ ಅವರದು, ನಗು ನಮ್ಮದು. ಆಶ್ರಯ ಬೇರೆಯಾಗಿದೆ, ಶಾಸ್ತ್ರಕ್ಕೆ ಸರಿಯಾಗಿದೆ, ಆದರೆ ಸವಿ ಹೋಗಿದೆ. ತನ್ನ ಮೇಲಿನ ಹಾಸ್ಯ ಇನ್ನೊಬ್ಬರ ಮೇಲಿನದಾದದ್ದೇ ತಡ, ಅದೇ ಮಾತು ಚುಚ್ಚುಮಾತಾಯಿತು. ಅದೇ ಆ ಊರಿನ ಹುಡುಗರೇ ಮಾಡಿಕೊಂಡ ಮೀಮ್ ನೋಡಿದರೆ ಬೇರೆ ರುಚಿ. ಟ್ರ್ಯಾಕ್ಟರ್ ಮೇಲೆ ಕೂತು, ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತು, ‘ಬೀಗರೂಟ ಯಾವಾಗ್ಲಾ’ ಎಂಬ ದನಿಗೆ ಸುಮ್ಮನೆ ಕ್ಯಾಮೆರಾ ನೋಡುವ ರೀಲ್‌ಗಳಲ್ಲಿ ಒಂದು ಘನತೆ ಇರುತ್ತದೆ. ತಮ್ಮ ಭಯಕ್ಕೆ ತಾವೇ ಮುಖ ಕೊಟ್ಟಿದ್ದಾರೆ.

ಹೆಣ್ಣುಮಕ್ಕಳ ಮೀಮ್‌ಗಳ ಲಯವೇ ಬೇರೆ. ಗಂಡಿಗೆ ‘ಯಾವಾಗ’ ಎಂದು ಕೇಳುತ್ತಾರೆ. ಹೆಣ್ಣಿಗೆ ವಯಸ್ಸೆಷ್ಟು ಎಂದು ಕೇಳಿ, ಉತ್ತರ ಬಂದ ಮೇಲೆ ಏನೂ ಹೇಳದೆ ಅಮ್ಮನ ಮುಖ ನೋಡುತ್ತಾರೆ. ಹಾಗಾಗಿ ಅವರ ಮೀಮ್‌ಗಳಲ್ಲಿ ಲೆಕ್ಕ ಜಾಸ್ತಿ: ಇಪ್ಪತ್ತೈದು, ಇಪ್ಪತ್ತೆಂಟು, ಮೂವತ್ತು ಎಂದು ಏರುವ ಅಂಕಿ, ಅದಕ್ಕೆ ತಕ್ಕಂತೆ ಇಳಿಯುವ ಬೇಡಿಕೆ. ಮೊದಲು ಅಮೆರಿಕದ ಎಂಜಿನಿಯರ್, ಆಮೇಲೆ ಬೆಂಗಳೂರು ಸಾಕು, ಆಮೇಲೆ ಒಳ್ಳೆ ಹುಡುಗನಾದರೆ ಸಾಕು, ಆಮೇಲೆ ಹುಡುಗನಾದರೆ ಸಾಕು. ಕೊನೆಯ ಮೆಟ್ಟಿಲಿಗೆ ಬಂದಾಗ ಹುಡುಗಿಯರು ಒಟ್ಟಿಗೆ ನಗುತ್ತಾರೆ. ಅಲ್ಲಿ ಅಪಾಯವಿದೆ ಎಂದು ಅವರಿಗೆ ಗೊತ್ತು. ಕೊನೆಯ ಮೆಟ್ಟಿಲಿನಲ್ಲಿ ಸಿಕ್ಕವನ ಜೊತೆ ಬದುಕಬೇಕಾದವರು ಅವರೇ, ಕೇಳಿದವರಲ್ಲ. ಎರಡು ವರ್ಷದ ಹಿಂದೆ ಇದೇ ಮೀಮ್ ಕಳಿಸಿದ್ದ ಅಕ್ಕನೊಬ್ಬಳು ತವರಿಗೆ ವಾಪಸ್ ಬಂದಿದ್ದರೆ, ಆ ಗುಂಪಿನಲ್ಲಿ ಅದನ್ನು ಮತ್ತೆ ಯಾರೂ ಹಾಕುವುದಿಲ್ಲ.

ಈ ಮೀಮ್‌ಗಳು ಎಲ್ಲಿ ಓಡಾಡುತ್ತವೆ ಎಂಬುದೂ ನೋಡತಕ್ಕದ್ದು. ಇನ್‌ಸ್ಟಾಗ್ರಾಮ್‌ನಲ್ಲಿ ಆಪ್ತರಿಗೆ ಮಾತ್ರ ಕಾಣುವ ಹಾಗೆ ಹಾಕುವ ಸೌಲಭ್ಯವಿದೆ, ಹಸಿರು ಉಂಗುರ ಬರುತ್ತದೆ. ನೆಂಟರ ಮೇಲಿನ ನಗು ಹೆಚ್ಚಾಗಿ ಆ ಹಸಿರು ಉಂಗುರದೊಳಗೇ ಇರುತ್ತದೆ. ಚಿಕ್ಕಮ್ಮ, ಅತ್ತೆ, ಅಣ್ಣನ ಹೆಂಡತಿ ಎಲ್ಲರೂ ಹೊರಗೆ. ಅಪರೂಪಕ್ಕೆ ಯಾರೋ ಧೈರ್ಯ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೇ ಹಾಕಿಬಿಡುತ್ತಾರೆ. ಎಲ್ಲರಿಗಿಂತ ಮೊದಲು ಕಣ್ಣೀರು ಬರುವ ಹಾಗೆ ನಗುವ ಇಮೋಜಿ ಹಾಕುವವರು, ಸದಾ ಕೇಳುವ ಆ ದೊಡ್ಡಮ್ಮನೇ. ಐದು ನಿಮಿಷಕ್ಕೆ ಅವರಿಂದ ಬೇರೆಯಾಗಿ ಒಂದು ಸಂದೇಶ ಬರುತ್ತದೆ: ‘ಒಂದು ಒಳ್ಳೆ ಸಂಬಂಧ ಇದೆ ಪುಟ್ಟಾ, ಫೋಟೋ ಕಳಿಸ್ಲಾ?’ ದೊಡ್ಡಮ್ಮ ನಕ್ಕದ್ದೂ ನಿಜ, ಕೇಳಿದ್ದೂ ನಿಜ. ಆ ಚಿತ್ರದಲ್ಲಿರುವ ಸಂಬಂಧಿಕರು ಬೇರೆ ಯಾರೋ ಎಂದು ಅವರು ನಂಬಿದ್ದಾರೆ.

ಉತ್ತರವೇ ಇಲ್ಲದವರೂ ಇದೇ ಮೀಮ್ ಹಂಚಿಕೊಳ್ಳುತ್ತಾರೆ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅವರ ಪ್ರೀತಿ ಅಪರಾಧವಲ್ಲ ಎಂದಿತು; 2023ರ ಅಕ್ಟೋಬರ್ 17ರಂದು ಅವರ ಮದುವೆಗೆ ಕಾನೂನಿನ ಮಾನ್ಯತೆ ಕೊಡಲು ಒಪ್ಪಲಿಲ್ಲ. ಐದಾರು ವರ್ಷ ಜೊತೆಗೆ ಬಾಳಿದ ಇಬ್ಬರು ಬೇರೆ ಬೇರೆ ಊರಿನ ಎರಡು ಪಂಕ್ತಿಯಲ್ಲಿ ಕೂತು, ‘ಇನ್ನೂ ಯಾರೂ ಸಿಕ್ಕಿಲ್ಲ ಅತ್ತೆ’ ಎಂದು ಹೇಳಿ, ಎಲೆಯ ಕೆಳಗೆ ಫೋನ್ ಹಿಡಿದು ಒಬ್ಬರಿಗೊಬ್ಬರು ಆ ಮೀಮ್ ಕಳಿಸಿಕೊಳ್ಳಬಹುದು. ‘ನಾನು:’ ಎಂಬುದರ ಮುಂದಿನ ಖಾಲಿ ಎಲ್ಲರಿಗಿಂತ ಅವರಿಗೆ ಹೆಚ್ಚು ಒಪ್ಪುತ್ತದೆ.

ಇಷ್ಟೆಲ್ಲ ಮೀಮ್‌ಗಳ ನಡುವೆ ಒಂದು ಬಗೆಯದು ಮಾತ್ರ ನನಗೆ ಸಿಕ್ಕಿಲ್ಲ. ನಲವತ್ತು, ನಲವತ್ತೈದು ದಾಟುವ ಹೊತ್ತಿಗೆ ಪ್ರಶ್ನೆ ತಾನಾಗಿ ನಿಲ್ಲುತ್ತದೆ. ಯಾರೂ ಹೇಳಿ ನಿಲ್ಲಿಸುವುದಿಲ್ಲ. ಒಂದು ಮದುವೆಯಲ್ಲಿ ದೊಡ್ಡಮ್ಮ ಪಕ್ಕದಲ್ಲೇ ಕೂತು ಮಂಡಿನೋವಿನ ಮಾತಾಡುತ್ತಾರೆ, ಪಾಯಸ ಚೆನ್ನಾಗಿದೆ ಎನ್ನುತ್ತಾರೆ, ಊಟ ಯಾವಾಗ ಹಾಕಿಸ್ತೀಯಾ ಎನ್ನುವುದಿಲ್ಲ; ಆ ಮಾತನ್ನು ಈಗ ಎದುರು ಸಾಲಿನ ಇಪ್ಪತ್ತಾರರ ಹುಡುಗಿಗೆ ಕೇಳುತ್ತಾರೆ. ಒಬ್ಬರೇ ಇರಬೇಕೆಂದು ಬಯಸಿ ಇದ್ದವರಿಗೆ ಆ ದಿನ ಬಿಡುಗಡೆ. ಬಯಸದೆ ಹಾಗೆ ಉಳಿದವರಿಗೆ, ಇಷ್ಟು ವರ್ಷ ಹೆದರಿದ ಪ್ರಶ್ನೆಯೇ ತಮ್ಮ ಮೇಲಿನ ಕೊನೆಯ ನಂಬಿಕೆಯಾಗಿತ್ತು ಎಂದು ಅಲ್ಲಿ ಹೊಳೆಯುತ್ತದೆ. ಅದರ ಮೇಲೆ ಮೀಮ್ ಮಾಡುವುದು ಕಷ್ಟ. ಅಚ್ಚನ್ನೇ ತಿರುಗಿಸಬೇಕಾಗುತ್ತದೆ: ‘ಸಂಬಂಧಿಕರು:’ ಎಂದು ಬರೆದು ಅವರ ಮುಂದೆ ಖಾಲಿ ಬಿಡಬೇಕು, ‘ನಾನು:’ ಎಂಬುದರ ಮುಂದೆ ಮಾತು ಬರೆಯಬೇಕು. ಯಾವ ಮಾತು ಎಂಬುದನ್ನು ಅದನ್ನು ಬದುಕಿದವರೇ ಬರೆಯಬೇಕು, ಬರೆದರೆ ಅದೂ ನಗಿಸುತ್ತದೆ ಎಂದು ನನಗೆ ನಂಬಿಕೆಯಿದೆ.